ತಾರ್ಲೆಗೊಂದು ವೆಬ್‌ಸೈಟ್: ಯಾವುದು ಕಲಿಯೋದು, ಯಾವುದು ಕದಿಯಬಾರದ್ದು

ಮಾವಳ್ಳಿ ಕಡೆಯ ಮೀನಿನ ಹೆಸರುಗಳನ್ನೆಲ್ಲ ಒಂದೆಡೆ ಸೇರಿಸಿ ಪುಟ್ಟ ವೆಬ್‌ಸೈಟ್ ಮಾಡಬೇಕು ಅಂತ ಹೊರಟೆ. ಕೋಡ್ ಬರೆಯುವುದಕ್ಕೆ ಮುಂಚೆ ಮಾಡಿದ ಕೆಲಸ ಒಂದೇ: ಇಂಥದ್ದೇ ಸೈಟುಗಳನ್ನು ತೆರೆದು, ಪ್ರತಿಯೊಂದರಲ್ಲೂ ಒಂದೇ ಮೀನನ್ನು ಹುಡುಕಿದ್ದು. ಆರಿಸಿಕೊಂಡ ಮೀನು ತಾರ್ಲೆ. ಮಂಗಳೂರಿನವರು ಇದನ್ನೇ ಬೂತಾಯಿ ಅಂತಾರೆ, ಕೇರಳದವರು ಮತ್ತಿ ಅಂತಾರೆ. ವಿಜ್ಞಾನಿಗಳಿಗೆ ಇದು ಸಾರ್ಡಿನೆಲ್ಲಾ ಲಾಂಜಿಸೆಪ್ಸ್. ಎಲ್ಲ ಸೈಟಿಗೂ ಒಂದೇ ಪ್ರಶ್ನೆ ಕೇಳಿದರೆ ಯಾವುದರ ಬಲ ಯಾವುದರಲ್ಲಿದೆ ಅಂತ ಬೇಗ ಗೊತ್ತಾಗುತ್ತದೆ.

ಮೊದಲು ನೋಡಿದ್ದು ಫಿಶ್‌ಬೇಸ್, ಜಗತ್ತಿನ ಮೀನುಗಳ ದೊಡ್ಡ ದಾಖಲೆ. ಅದರಲ್ಲಿ ನನಗೆ ಹಿಡಿಸಿದ್ದು ಚಿತ್ರಗಳಲ್ಲ, ಹೆಸರುಗಳ ಪಟ್ಟಿ. ಒಂದೊಂದು ಹೆಸರಿನ ಪಕ್ಕದಲ್ಲೂ ಅದು ಯಾವ ದೇಶದ್ದು, ಯಾವ ಭಾಷೆಯದು ಅಂತ ಇರುತ್ತದೆ. ಈ ಕ್ರಮ ಎರವಲು ತರುವಂಥದ್ದು. ನಮ್ಮಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು, ದೇಶದ ಬದಲು ಊರನ್ನೇ ಬರೆಯಬೇಕು. ಭಟ್ಕಳದ ಪೇಟೆಯಲ್ಲಿ ಕನ್ನಡ, ಕೊಂಕಣಿ, ನವಾಯತಿ ಮೂರೂ ಕಿವಿಗೆ ಬೀಳುತ್ತವೆ. ಒಂದೂರಲ್ಲಿ ಒಂದು ಮೀನಿಗಿರುವ ಹೆಸರು ಪಕ್ಕದೂರಲ್ಲಿ ಬೇರೆ ಮೀನಿನದ್ದಾಗಿರಬಹುದು. ಊರಿನ ಹೆಸರಿಲ್ಲದೆ ಬರೀ "ಕನ್ನಡ ಹೆಸರು" ಅಂತ ಹಾಕಿದರೆ ಓದಿದವರು ಮೀನಂಗಡಿಯಲ್ಲಿ ಪೇಚಿಗೆ ಸಿಕ್ಕಿಕೊಳ್ಳುತ್ತಾರೆ.

ಎರಡನೆಯದು ಅಲರ್. ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಕಟ್ಟಿದ ಈ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ಅಂತರ್ಜಾಲಕ್ಕೆ ಬಂತು. ಅದರಲ್ಲಿ ಗಮನಿಸಬೇಕಾದ್ದು ಹುಡುಕಾಟ. ಕಾಗುಣಿತ ಸ್ವಲ್ಪ ತಪ್ಪಿದರೂ ಉಚ್ಚಾರಣೆ ಹತ್ತಿರವಿದ್ದರೆ ಪದ ಸಿಗುತ್ತದೆ. ಅದಕ್ಕೆ ಕೆಎನ್‌ಫೋನ್ ಎಂಬ ಧ್ವನಿ ಆಧರಿಸಿದ ವಿಧಾನ ಬಳಸಿದ್ದಾರೆ. ನಮಗಿದು ಬೇಕೇಬೇಕು, ಯಾಕಂದ್ರೆ ಆಡುಮಾತಿನ ಪದಕ್ಕೆ ಒಪ್ಪಿತ ಕಾಗುಣಿತ ಅಂತ ಇರೋದಿಲ್ಲ. ಒಬ್ಬರು ತಾರ್ಲೆ ಅಂತಾರೆ, ಇನ್ನೊಬ್ಬರು ತಾರಲೆ, ಮತ್ತೊಬ್ಬರು ತಾರ್ಲಿ. ಸ್ವರಗಳನ್ನು ತೆಗೆದು ಬರೀ ವ್ಯಂಜನ ಇಟ್ಟರೆ ಮೂರೂ ತ-ರ-ಲ ಆಗುತ್ತವೆ, ಒಂದೇ ಕಡೆ ಬಂದು ನಿಲ್ಲುತ್ತವೆ. ಇದಕ್ಕೊಂದು ಮಿತಿಯೂ ಇದೆ. ತುಂಟತನದ "ತರಲೆ"ಯೂ ಅದೇ ಗುಂಪಿಗೆ ಬಂದು ಸೇರುತ್ತದೆ! ಮೀನಿನ ಹೆಸರುಗಳ ಸೈಟಿಗೆ ಇದರಿಂದ ತೊಂದರೆ ಇಲ್ಲ. ಸಾಮಾನ್ಯ ನಿಘಂಟಿಗಾದರೆ ಸಡಿಲ ಹೊಂದಿಕೆಯ ಜೊತೆ ಬಿಗಿ ಹೊಂದಿಕೆಯನ್ನೂ ಇಟ್ಟು, ಬಿಗಿಯಾದದ್ದನ್ನೇ ಮೇಲೆ ತೋರಿಸಬೇಕು.

ಇಷ್ಟು ಎರವಲಿನ ಮಾತಾಯಿತು. ಹೆಸರಿನ ಪಕ್ಕ ಊರು ಹಾಕುವುದು, ಧ್ವನಿಯಿಂದ ಹುಡುಕುವುದು ಎಲ್ಲ ಬರೀ ಉಪಾಯಗಳು. ಉಪಾಯಕ್ಕೆ ಹಕ್ಕುಸ್ವಾಮ್ಯ ಇಲ್ಲ. ಆದರೆ ಬೇರೆಯವರು ಬರೆದ ವಿವರಣೆ, ತೆಗೆದ ಫೋಟೋ, ಆರಿಸಿ ಜೋಡಿಸಿದ ಪಟ್ಟಿ ಅವರ ದುಡಿಮೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ದತ್ತಾಂಶದ ಸಂಕಲನವೂ ಸಾಹಿತ್ಯ ಕೃತಿಯೇ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಕಿಟೆಲ್ 1903ರಲ್ಲಿ ತೀರಿಕೊಂಡರು, ಹಾಗಾಗಿ ಅವರ 1894ರ ನಿಘಂಟು ಈಗ ಎಲ್ಲರದ್ದು. ಜಿ. ವೆಂಕಟಸುಬ್ಬಯ್ಯನವರು ಹೋದದ್ದು 2021ರಲ್ಲಿ, ಅವರು ಬರೆದದ್ದನ್ನು ಎತ್ತಿ ಹಾಕಲು 2081ರ ಕೊನೆವರೆಗೂ ಅನುಮತಿ ಬೇಕು. "ಮುಕ್ತ" ಅಂತ ಬರೆದಿರುವ ಸೈಟಿನಲ್ಲೂ ಷರತ್ತು ಓದಲೇಬೇಕು. ವಿಕ್ಷನರಿಯಿಂದ ತಂದರೆ ಅದರ ಹೆಸರು ಹೇಳಬೇಕು, ತಂದದ್ದನ್ನು ತಿದ್ದಿ ಪ್ರಕಟಿಸಿದರೆ ಅದನ್ನೂ ಅದೇ ಷರತ್ತಿನಲ್ಲಿ ಮುಕ್ತವಾಗಿಡಬೇಕು.

ಕಾನೂನನ್ನು ಬದಿಗಿಟ್ಟರೂ ನಕಲು ಮಾಡಬಾರದು ಅನ್ನೋದಕ್ಕೆ ಇನ್ನೊಂದು ಕಾರಣ ಇದೆ. 2001ರ ನ್ಯೂ ಆಕ್ಸ್‌ಫರ್ಡ್ ಅಮೆರಿಕನ್ ನಿಘಂಟಿನಲ್ಲಿ "ಎಸ್ಕ್ವಿವೇಲಿಯನ್ಸ್" ಅನ್ನೋ ಪದ ಇತ್ತು. ಹಾಗೊಂದು ಪದ ಭಾಷೆಯಲ್ಲೇ ಇರಲಿಲ್ಲ, ನಕಲು ಮಾಡುವವರನ್ನು ಹಿಡಿಯಲು ಸಂಪಾದಕರೇ ಹುಟ್ಟಿಸಿದ್ದರು. ಅದು ಮುಂದೆ ಬೇರೊಂದು ಅಂತರ್ಜಾಲ ನಿಘಂಟಿನಲ್ಲೂ ಕಾಣಿಸಿಕೊಂಡಿತು. ಬೇಕಂತಲೇ ಇಟ್ಟ ಬಲೆ ಇಲ್ಲದಿದ್ದರೂ ತಪ್ಪುಗಳು ಹೀಗೇ ಸೈಟಿನಿಂದ ಸೈಟಿಗೆ ದಾಟುತ್ತವೆ. ಐದು ಸೈಟುಗಳಲ್ಲಿ ಒಂದೇ ಹೆಸರು ಕಂಡರೆ ಐದು ಸಾಕ್ಷಿ ಸಿಕ್ಕಿತು ಅಂದುಕೊಳ್ಳಬೇಡಿ. ಕಾಗುಣಿತದ ತಪ್ಪು, ವಾಕ್ಯದ ಜೋಡಣೆ ಐದರಲ್ಲೂ ಒಂದೇ ಇದ್ದರೆ ಐದೂ ಒಂದೇ ಬಾಯಿಯಿಂದ ಬಂದದ್ದು. ಅಲ್ಲಿಗೆ ಸಿಕ್ಕಿದ್ದು ಒಂದೇ ಸಾಕ್ಷಿ, ಅದೂ ಸುಳ್ಳಿರಬಹುದು.

ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ಈಗ ಪ್ರತಿ ಸೈಟಿಗೂ ಎರಡು ಕಾಲಂ ಇವೆ. "ಉಪಾಯ" ಅನ್ನೋ ಕಾಲಂನಲ್ಲಿ ಇದ್ದದ್ದು ಕೋಡಿಗೆ ಹೋಗುತ್ತದೆ. "ವಿಷಯ" ಅನ್ನೋ ಕಾಲಂನಲ್ಲಿ ಇದ್ದದ್ದು ಬರೀ ಪ್ರಶ್ನೆಯಾಗಿ ಉಳಿಯುತ್ತದೆ. ಉತ್ತರ ಬರಬೇಕಾದ್ದು ದಡದಲ್ಲಿ ಬಲೆ ಬಿಡಿಸುವವರಿಂದ, ಬುಟ್ಟಿ ಇಟ್ಟುಕೊಂಡು ಮೀನು ಮಾರುವ ಅಕ್ಕಂದಿರಿಂದ. ಮೀನನ್ನೇ ಎದುರಿಗೆ ಹಿಡಿದು "ಇದಕ್ಕೆ ನೀವು ಏನಂತೀರಿ?" ಅಂತ ಕೇಳಬೇಕು. ಹೆಸರನ್ನು ನಾವೇ ಹೇಳಿ "ಹೌದಾ?" ಅಂತ ಕೇಳಬಾರದು, ಮುಖ ನೋಡಿ ಹೌದು ಅಂದುಬಿಡುತ್ತಾರೆ. ಬೇರೆ ಬೇರೆ ಮನೆಯ ಇಬ್ಬರು ಒಂದೇ ಹೆಸರು ಹೇಳಿದ ಮೇಲೆ ಅದು ಸೈಟಿಗೆ ಹೋಗಲಿ. ಪಕ್ಕದಲ್ಲಿ ಊರು, ತಾರೀಕು ಇರಲಿ.