ವಿಪತ್ತಿನ ಹೊತ್ತಿನಲ್ಲಿ ಫಾರ್ವರ್ಡ್‌ಗಳನ್ನು ನಾವು ಯಾಕೆ ಬೇಗ ನಂಬುತ್ತೇವೆ?

"ಸುಳ್ಳು ಮೆಸೇಜ್ ನಂಬುವವರು ಓದು ಬರಹ ಇಲ್ಲದವರು, ಪುಕ್ಕಲರು" ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಸರಿಯಲ್ಲ. ಬೇರೆ ದಿನಗಳಲ್ಲಿ ಹತ್ತು ಫಾರ್ವರ್ಡ್‌ಗಳನ್ನು ತೆರೆಯದೆ ಅಳಿಸುವ ಮೇಷ್ಟ್ರು, ಎಂಜಿನಿಯರ್ ಕೂಡ ಮಳೆ ಜೋರಾದ ರಾತ್ರಿ ಅಂಥದ್ದೇ ಒಂದನ್ನು ನಂಬಿ ಮೂರು ಗ್ರೂಪಿಗೆ ಕಳಿಸಿರುತ್ತಾರೆ. ಆ ರಾತ್ರಿ ಅವರ ಬುದ್ಧಿ ಕಡಿಮೆಯಾಗಿರುವುದಿಲ್ಲ, ಫೋನಿನ ಮೇಲಿನ ಅವಲಂಬನೆ ಹೆಚ್ಚಾಗಿರುತ್ತದೆ.

ಇದನ್ನು ವಿವರಿಸುವ ಒಂದು ಸಿದ್ಧಾಂತ ಸಂವಹನ ಶಾಸ್ತ್ರದಲ್ಲಿದೆ. ಅಮೆರಿಕದ ಸಾಂಡ್ರಾ ಬಾಲ್-ರೋಕೀಚ್ ಮತ್ತು ಮೆಲ್ವಿನ್ ಡಿಫ್ಲೂರ್ 1976ರಲ್ಲಿ ಮುಂದಿಟ್ಟ ಇದಕ್ಕೆ ಮಾಧ್ಯಮ ಅವಲಂಬನೆ ಸಿದ್ಧಾಂತ ಎನ್ನುತ್ತಾರೆ.

ಸಿದ್ಧಾಂತ ಹೇಳುವುದೇನು?

ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿಯನ್ನೇ ತೆಗೆದುಕೊಳ್ಳಿ. ಬೇರೆ ದಿನಗಳಲ್ಲಿ ಅಲ್ಲಿನವರಿಗೆ ಬೇಕಾದ ಬಹುಪಾಲು ಮಾಹಿತಿ ಕಣ್ಣೆದುರೇ ಸಿಗುತ್ತದೆ. ರೈಲು ಬಂತೇ ಎಂದು ಸ್ಟೇಷನ್ ಕಡೆ ನೋಡಿದರೆ ತಿಳಿಯುತ್ತದೆ. ಕೆರೆಯಲ್ಲಿ ನೀರೆಷ್ಟಿದೆ ಎಂದು ಹೊಲಕ್ಕೆ ಹೋಗಿ ಬಂದವರು ಹೇಳುತ್ತಾರೆ. ಆಗ ಫೋನಿನಲ್ಲಿ ಬಂದ ಸುದ್ದಿ ಹೆಚ್ಚುವರಿ ಅಷ್ಟೇ. ಅದನ್ನು ಅಳೆದು ನೋಡಲು ನಮ್ಮದೇ ಅನುಭವ ಕೈಯಲ್ಲಿರುತ್ತದೆ.

ಎಡೆಬಿಡದೆ ಮಳೆ ಸುರಿಯುವ ರಾತ್ರಿ ಹಾಗಲ್ಲ. ಕರೆಂಟ್ ಹೋಗಿದೆ, ರಸ್ತೆ ಕಾಣುವುದಿಲ್ಲ, ಮೇಲಿನ ಊರಿನ ಕೆರೆ ಏನಾಗಿದೆಯೋ ಗೊತ್ತಿಲ್ಲ. ಆಗ ಮನಸ್ಸಿನಲ್ಲಿ ಎರಡೇ ಪ್ರಶ್ನೆ: ಏನಾಗುತ್ತಿದೆ? ಈಗ ನಾನೇನು ಮಾಡಬೇಕು? ಎರಡಕ್ಕೂ ಉತ್ತರ ನಮ್ಮ ಬಳಿ ಇಲ್ಲ. ಹೀಗೆ ಪರಿಸ್ಥಿತಿ ಅಸ್ಪಷ್ಟವಾದಷ್ಟೂ ಜನ ಮಾಧ್ಯಮವನ್ನು ಹೆಚ್ಚು ನೆಚ್ಚಿಕೊಳ್ಳುತ್ತಾರೆ, ನೆಚ್ಚಿಕೊಂಡಷ್ಟೂ ಅದರ ಮಾತು ನಮ್ಮ ನಂಬಿಕೆ, ಭಯ, ನಡವಳಿಕೆ ಮೂರನ್ನೂ ಹೆಚ್ಚು ಬದಲಿಸುತ್ತದೆ ಎನ್ನುತ್ತದೆ ಸಿದ್ಧಾಂತ.

1980ರ ಮೇ 18ರಂದು ಅಮೆರಿಕದಲ್ಲಿ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಸಿಡಿದಾಗ ದೂರದ ಊರುಗಳಲ್ಲೂ ಬೂದಿ ಬಿದ್ದು ಹಗಲೇ ಕತ್ತಲಾಯಿತು. ಆ ಬೂದಿ ವಿಷವೋ ಅಲ್ಲವೋ ಯಾರಿಗೂ ತಿಳಿಯದು. ಆಗ ಜನ ರೇಡಿಯೊ, ಟಿ.ವಿ.ಗಳ ಕಡೆ ತಿರುಗಿದ್ದನ್ನು ಬಾಲ್-ರೋಕೀಚ್ ಮತ್ತು ಜೊತೆಗಾರರು ಈ ಸಿದ್ಧಾಂತದ ಕಣ್ಣಿನಿಂದಲೇ ಅಧ್ಯಯನ ಮಾಡಿದರು.

ನಮ್ಮ ಜಿಲ್ಲೆಯಲ್ಲೇ ಆದದ್ದು

2021ರ ಡಿಸೆಂಬರ್ 22ರ ಬೆಳಿಗ್ಗೆ ಏಳು ಗಂಟೆ ದಾಟಿದ ಮೇಲೆ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಐದು ನಿಮಿಷದ ಅಂತರದಲ್ಲಿ ಎರಡು ಬಾರಿ ಭೂಮಿ ಕಂಪಿಸಿತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಲೆಕ್ಕದಲ್ಲಿ ಮೊದಲನೆಯದು 2.9, ಎರಡನೆಯದು 3.0 ತೀವ್ರತೆಯದು. ಈ ಮಟ್ಟದ ಕಂಪನದಲ್ಲಿ ಪಾತ್ರೆ, ಕಿಟಕಿ ಅಲುಗಾಡಬಹುದು, ನೆಲದೊಳಗಿಂದ ಗುಡುಗಿದ ಸದ್ದು ಕೇಳಬಹುದು. ಕಟ್ಟಡಗಳಿಗೆ ಸಾಮಾನ್ಯವಾಗಿ ಹಾನಿಯಾಗುವುದಿಲ್ಲ.

ಆದರೆ ಆ ಸದ್ದು ಕೇಳಿದವರಿಗೆ ಈ ಸಂಖ್ಯೆ ತಕ್ಷಣ ಗೊತ್ತಿರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ನೆಲ ನಡುಗಿದರೆ ಮೊದಲು ಬರುವ ಅನುಮಾನ ಕಲ್ಲು ಕ್ವಾರಿಯದು. ಅದೇ ವರ್ಷದ ಫೆಬ್ರುವರಿಯಲ್ಲಿ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸ್ಫೋಟಗೊಂಡು ಆರು ಜನ ಸತ್ತಿದ್ದರು. ಹಾಗಾಗಿ ಇದು ಭೂಕಂಪವೋ ಸ್ಫೋಟವೋ, ಮತ್ತೆ ಬರುತ್ತದೆಯೋ ಇಲ್ಲವೋ, ಮನೆಯೊಳಗೆ ಹೋಗಬಹುದೋ ಬೇಡವೋ ಎಂಬುದನ್ನು ಬರಿಗಣ್ಣಿನಿಂದ ತೀರ್ಮಾನಿಸಲಾಗದು.

ಗೌರಿಬಿದನೂರಿನಲ್ಲಿ 1960ರ ದಶಕದಿಂದಲೂ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪನ ಮಾಪನ ಕೇಂದ್ರವಿದೆ. ಜಗತ್ತಿನ ದೂರದ ಮೂಲೆಯಲ್ಲಿ ನಡೆದ ಅಣುಬಾಂಬ್ ಪರೀಕ್ಷೆಯ ಕಂಪನವನ್ನೂ ಹಿಡಿಯಲೆಂದು ಕಟ್ಟಿದ್ದು. ಆದರೂ ಪಕ್ಕದ ಊರಿನವರಿಗೆ ಸುದ್ದಿ ತಲುಪಬೇಕಾದರೆ ಯಾರೋ ಒಬ್ಬರು ಅದನ್ನು ಓದಿ, ಖಚಿತಪಡಿಸಿ, ಪ್ರಕಟಿಸಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ. "ರಾತ್ರಿ ಇಷ್ಟು ಗಂಟೆಗೆ ದೊಡ್ಡ ಭೂಕಂಪ" ಎಂಬ ಮಾದರಿಯ ಮೆಸೇಜ್‌ಗಳು ಹುಟ್ಟುವುದು ಈ ಖಾಲಿ ಹೊತ್ತಿನಲ್ಲೇ. ಭೂಕಂಪದ ದಿನ, ಗಂಟೆಯನ್ನು ಮುಂಚಿತವಾಗಿ ಹೇಳುವ ವಿಧಾನ ಜಗತ್ತಿನ ಯಾವ ವಿಜ್ಞಾನಿಯ ಬಳಿಯೂ ಇಲ್ಲ. ಆದ್ದರಿಂದ ಗಂಟೆ ನಮೂದಿಸಿದ ಭೂಕಂಪದ ಮೆಸೇಜ್ ಯಾರ ಹೆಸರಿನಲ್ಲಿ ಬಂದರೂ ಸುಳ್ಳೇ.

ಫೋನ್ ಇಲ್ಲದ ಕಾಲದಲ್ಲೂ ಇದೇ ಕಥೆ

1934ರ ಜನವರಿ 15ರಂದು ಬಿಹಾರದಲ್ಲಿ ಭಾರಿ ಭೂಕಂಪವಾಯಿತು. ಆಗ ಹಬ್ಬಿದ ವದಂತಿಗಳನ್ನು ಜಮುನಾ ಪ್ರಸಾದ್ ಎಂಬ ಮನಃಶಾಸ್ತ್ರಜ್ಞರು ಕಲೆಹಾಕಿದರು. ಪಟ್ನಾಕ್ಕೆ ಚಂಡಮಾರುತ ಬರುತ್ತದೆ, ನೇಪಾಳದ ಕಡೆಯಿಂದ ಪ್ರವಾಹ ನುಗ್ಗುತ್ತಿದೆ, ಗ್ರಹಣದ ದಿನ ಮತ್ತೆ ಭೂಮಿ ನಡುಗುತ್ತದೆ ಎಂಬಂಥವು ಅವು. ಇವು ಹಬ್ಬಿದ್ದು ನೆಲ ನಡುಗಿದ ಅನುಭವವಾಗಿಯೂ ಹಾನಿ ಕಾಣದ ಪ್ರದೇಶದಲ್ಲಿ. ಮುಂದೆ ಲಿಯಾನ್ ಫೆಸ್ಟಿಂಜರ್ ಎಂಬ ಮನಃಶಾಸ್ತ್ರಜ್ಞರು ಇದಕ್ಕೆ ಕಾರಣ ಸೂಚಿಸಿದರು. ಮೈಯೆಲ್ಲ ಹೆದರಿದೆ, ಆದರೆ ಹೆದರಲು ಕಾರಣ ಕಣ್ಣಿಗೆ ಕಾಣುತ್ತಿಲ್ಲ. ಆಗ ಮನಸ್ಸು ಆ ಭಯಕ್ಕೆ ತಕ್ಕ ಕಾರಣವನ್ನು ಹುಡುಕುತ್ತದೆ. "ಇನ್ನೂ ದೊಡ್ಡದು ಬರುತ್ತದೆ" ಎಂಬ ಸುದ್ದಿ ಆ ಹುಡುಕಾಟಕ್ಕೆ ಉತ್ತರವಾಗುತ್ತದೆ.

2021ರ ಚಿಕ್ಕಬಳ್ಳಾಪುರದ ಸ್ಥಿತಿಯೂ ಅದೇ ಬಗೆಯದು: ನಡುಕ ಅನುಭವಕ್ಕೆ ಬಂತು, ಹಾನಿ ಕಾಣಲಿಲ್ಲ. ಇಂಥ ಕಡೆ ವದಂತಿ ಹುಟ್ಟಲು ವಾಟ್ಸಾಪ್ ಬೇಕಾಗಿಲ್ಲ. ವಾಟ್ಸಾಪ್ ಅದರ ವೇಗವನ್ನು ಹೆಚ್ಚಿಸುತ್ತದೆ.

"ಕೆರೆ ಒಡೆದಿದೆ" ಎಂದು ವಿಡಿಯೊ ಬಂದರೆ?

ಪ್ರವಾಹದ ವಿಷಯ ಇನ್ನಷ್ಟು ಸೂಕ್ಷ್ಮ, ಏಕೆಂದರೆ ಇಲ್ಲಿ ಮೆಸೇಜ್ ನಿಜವೂ ಆಗಿರಬಹುದು. ಅದೇ 2021ರ ನವೆಂಬರ್ 19ರಂದು ಆಂಧ್ರದ ಕಡಪ ಜಿಲ್ಲೆಯಲ್ಲಿ ಚೆಯ್ಯೇರು ನದಿಯ ಅನ್ನಮಯ್ಯ ಅಣೆಕಟ್ಟು ನಿಜವಾಗಿ ಒಡೆದು ಕೆಳಗಿನ ಊರುಗಳಲ್ಲಿ ಜನ ಸತ್ತರು. "ಎಲ್ಲ ಫಾರ್ವರ್ಡ್ ಸುಳ್ಳು" ಎಂದು ಮಲಗಿಬಿಡುವುದೂ ಅಪಾಯವೇ.

ಇಪ್ಪತ್ತು ಸೆಕೆಂಡಿನ ಒಂದು ವಿಡಿಯೊ ಬಂದಿದೆ ಎಂದಿಟ್ಟುಕೊಳ್ಳಿ. ನೀರು ಭೋರ್ಗರೆಯುತ್ತಿದೆ, ಕೆಳಗೆ "ಕೆರೆ ಒಡೆದಿದೆ, ಎಲ್ಲರಿಗೂ ಕಳಿಸಿ" ಎಂದಿದೆ. ಮೊದಲು ನೋಡಬೇಕಾದ್ದು ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು. ಕೆರೆಯ ಒಂದು ಬದಿಯಲ್ಲಿ, ಕಲ್ಲಿನ ಕಟ್ಟೆಯ ಮೇಲೆ ಉದ್ದಕ್ಕೂ ಒಂದೇ ಸಮ ಬೀಳುತ್ತಿದ್ದರೆ ಅದು ಕೋಡಿ. ಕೆರೆ ತುಂಬಿದರೆ ಕೋಡಿ ಹರಿಯಲೇಬೇಕು, ಏರಿ ಉಳಿಯುವುದೇ ಅದರಿಂದ. ಕೋಡಿಯ ಕೆಳಗಿನ ಹಳ್ಳ, ಸೇತುವೆ ಆಗ ದಾಟಲು ಅಪಾಯಕರ, ಆದರೆ ಕೆರೆ ಒಡೆದಿಲ್ಲ. ನೀರು ಮಣ್ಣಿನ ಏರಿಯ ಮೇಲೆಯೇ ಉಕ್ಕಿ ಹರಿಯುತ್ತಿದ್ದರೆ, ಏರಿಯ ನಡುವೆ ಸೀಳು ಬಿಟ್ಟು ಮಣ್ಣು ಕುಸಿಯುತ್ತಿದ್ದರೆ, ಅಥವಾ ಏರಿಯ ಹಿಂಬದಿಯ ಬುಡದಲ್ಲಿ ಕೆಸರು ನೀರು ಜಿನುಗುತ್ತಿದ್ದರೆ ಅದು ಬೇರೆ ಮಾತು. ತಿಳಿನೀರಿನ ಸಣ್ಣ ಜಿನುಗು ಹಲವು ಹಳೆಯ ಕೆರೆಗಳಲ್ಲಿ ಇರುತ್ತದೆ. ಕೆಸರು ನೀರು ಬಂದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ. ಆಗ ತಡಮಾಡದೆ ಎತ್ತರದ ಜಾಗಕ್ಕೆ ಹೋಗಬೇಕು, ವಿಷಯ ತಿಳಿಸಬೇಕು.

ಎರಡನೆಯದು, ಕೆರೆಯ ಹೆಸರು ಮತ್ತು ಸಮಯ. ನಮ್ಮ ಭಾಗದಲ್ಲಿ ಕೆರೆಗಳು ಸರಪಳಿಯಂತೆ ಇವೆ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನದಕ್ಕೆ ಬರುತ್ತದೆ, ಮೇಲಿನದು ಒಡೆದರೆ ಕೆಳಗಿನದಕ್ಕೂ ಕುತ್ತು. ಹಾಗಾಗಿ ಹೆಸರಿಲ್ಲದ "ಕೆರೆ ಒಡೆದಿದೆ" ಯಾರಿಗೂ ಉಪಯೋಗವಿಲ್ಲದ ಸುದ್ದಿ. ಹೆಸರಿದ್ದರೆ ಮೇಲಿನ ಊರಿನ ಪರಿಚಯದವರಿಗೆ ಒಂದು ಫೋನ್ ಮಾಡಿ, "ನೀವೇ ನೋಡಿದಿರಾ?" ಎಂದು ಕೇಳಿ. ಏರಿಯ ಹತ್ತಿರ ಇರುವ ಒಬ್ಬರ ಮಾತು ನೂರು ಗ್ರೂಪಿನ ಮಾತಿಗಿಂತ ಮೇಲು. ಮೆಸೇಜ್ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದಿದೆ. ಅದನ್ನು ಕಳಿಸಿದ ನಿಮ್ಮ ನೆಂಟರು ಏನನ್ನೂ ಕಣ್ಣಾರೆ ನೋಡಿಲ್ಲ.

ಯಾವ ಪ್ರಶ್ನೆಗೆ ಯಾವ ಮಾಧ್ಯಮ?

ಎಲ್ಲ ಪ್ರಶ್ನೆಗೂ ಒಂದೇ ಕಡೆ ಉತ್ತರ ಹುಡುಕಿದಾಗ ಅವಲಂಬನೆ ಅಪಾಯವಾಗುತ್ತದೆ. ಫೋನಿನ ಟವರ್‌ಗೆ ಕರೆಂಟ್ ಬೇಕು. ಹೋದರೆ ಬ್ಯಾಟರಿ ಕೆಲವೇ ಗಂಟೆ ನಡೆಸುತ್ತದೆ, ಆಮೇಲೆ ಜನರೇಟರ್‌ಗೆ ಡೀಸೆಲ್ ತಲುಪಬೇಕು. ಎಲ್ಲರೂ ಒಟ್ಟಿಗೆ ಕರೆ ಮಾಡಿದರೆ ಲೈನ್ ಸಿಗದು. ರೇಡಿಯೊಗೆ ಈ ತೊಂದರೆಯಿಲ್ಲ. ಒಂದು ಪ್ರಸಾರವನ್ನು ಹತ್ತು ಜನ ಕೇಳಿದರೂ ಹತ್ತು ಲಕ್ಷ ಜನ ಕೇಳಿದರೂ ವ್ಯತ್ಯಾಸವಾಗುವುದಿಲ್ಲ. ಎರಡು ಸೆಲ್ ಹಾಕಿದ ಸಣ್ಣ ರೇಡಿಯೊ ದಿನಗಟ್ಟಲೆ ನಡೆಯುತ್ತದೆ. ಆಕಾಶವಾಣಿ ಬೆಂಗಳೂರಿನ 612 ಕಿಲೋಹರ್ಟ್ಸ್ ಮಧ್ಯಮ ತರಂಗದ ಪ್ರಸಾರ ಬೆಟ್ಟಗುಡ್ಡ ದಾಟಿಯೂ ಬರುತ್ತದೆ. ಫೋನಿನಲ್ಲಿರುವ ಎಫ್ಎಂ ಅದನ್ನು ಹಿಡಿಯುವುದಿಲ್ಲ, ಎಫ್ಎಂ ಕೇಳಲು ಸಾಮಾನ್ಯವಾಗಿ ವೈರಿನ ಇಯರ್‌ಫೋನ್ ಬೇಕು, ಎಷ್ಟೋ ಹೊಸ ಫೋನ್‌ಗಳಲ್ಲಿ ಎಫ್ಎಂ ಇಲ್ಲವೇ ಇಲ್ಲ.

ಆದರೆ ಬೆಂಗಳೂರಿನ ರೇಡಿಯೊಗೆ ನಿಮ್ಮೂರ ಕೆರೆಯ ವಿಷಯ ತಿಳಿಯದು. ಮಳೆ ಇನ್ನೆಷ್ಟು ದಿನ, ಚಂಡಮಾರುತ ಎತ್ತ ಹೋಯಿತು, ಯಾವ ಹೆದ್ದಾರಿ ಬಂದ್ ಎಂಬ ದೊಡ್ಡ ಪ್ರಶ್ನೆಗಳಿಗೆ ಅದು ಸರಿ. ನಮ್ಮ ಕೆರೆ ಹೇಗಿದೆ ಎಂಬುದಕ್ಕೆ ಮೇಲಿನ ಊರಿನವರು, ಗ್ರಾಮ ಪಂಚಾಯಿತಿ. ಸಹಾಯಕ್ಕೆ 112, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077. ಟವರ್‌ನಿಂದ ನೇರವಾಗಿ ಎಲ್ಲ ಫೋನ್‌ಗಳಿಗೆ ಜೋರು ಸದ್ದಿನೊಡನೆ ಬರುವ ತುರ್ತು ಎಚ್ಚರಿಕೆಯ ಪರೀಕ್ಷೆ ಕರ್ನಾಟಕದಲ್ಲಿ 2023ರ ಅಕ್ಟೋಬರ್‌ನಲ್ಲಿ ನಡೆಯಿತು. ಅದನ್ನು ಯಾರೂ ಫಾರ್ವರ್ಡ್ ಮಾಡಬೇಕಾಗಿಲ್ಲ, ಲೈನ್ ತುಂಬಿದ್ದರೂ ಅದು ತಲುಪುತ್ತದೆ.

ನೀವೇ ಸುದ್ದಿ ಕಳಿಸಬೇಕಾಗಿ ಬಂದರೆ ನಾಲ್ಕು ವಿಷಯ ಬರೆಯಿರಿ: ಯಾವ ಕೆರೆ, ಏರಿಯೋ ಕೋಡಿಯೋ, ಎಷ್ಟು ಗಂಟೆಗೆ, ನೋಡಿದ್ದು ಯಾರು. ಈ ನಾಲ್ಕನ್ನು ತುಂಬಲಾಗದಿದ್ದರೆ ಆ ಸುದ್ದಿ ಕಳಿಸಲು ಇನ್ನೂ ತಯಾರಿಲ್ಲ. ಮೊದಲು ಮೇಲಿನ ಊರಿಗೆ ಒಂದು ಫೋನ್ ಮಾಡಿ.