ತಪ್ಪು ಸಂಖ್ಯೆಯ ಸಂದೇಶ ವಂಚನೆ

ತಪ್ಪು ಸಂಖ್ಯೆಯ ಸಂದೇಶ ವಂಚನೆ ಎಂಬುದು ಬೇರೆ ಯಾರಿಗೋ ಕಳುಹಿಸಿದಂತೆ ತೋರುವ ಸ್ನೇಹಪೂರ್ವಕ ಸಂದೇಶದಿಂದ ಆರಂಭವಾಗಿ, ಹಲವು ವಾರಗಳ ಸಂಭಾಷಣೆಯ ಬಳಿಕ ನಕಲಿ ಹೂಡಿಕೆಯಲ್ಲಿ ಮುಗಿಯುವ ಸೈಬರ್ ಅಪರಾಧವಾಗಿದೆ. ಚೀನೀ ಭಾಷೆಯಲ್ಲಿ ಇದನ್ನು 'ಶಾ ಝು ಪಾನ್' ಎನ್ನುತ್ತಾರೆ. ಕೊಲ್ಲುವ ಮೊದಲು ಹಂದಿಯನ್ನು ಕೊಬ್ಬಿಸುವುದೆಂಬ ಭಾವ ಅದರಲ್ಲಿದೆ. ಹೆಸರು ಕ್ರೂರವಾದರೂ ವಿಧಾನವನ್ನು ಸರಿಯಾಗಿಯೇ ಸೂಚಿಸುತ್ತದೆ.

ಕಾರ್ಯವಿಧಾನ

'ನಮಸ್ಕಾರ ಪ್ರಿಯಾ, ಭಾನುವಾರದ ಊಟಕ್ಕೆ ಬರುತ್ತೀಯಲ್ಲವೇ?' ಎಂಬಂತಹ ಸಂದೇಶವು ಏಕಕಾಲಕ್ಕೆ ಸಾವಿರಾರು ಸಂಖ್ಯೆಗಳಿಗೆ ಹೋಗುತ್ತದೆ. ಬಹುತೇಕರು ಅದನ್ನು ಕಡೆಗಣಿಸುತ್ತಾರೆ. 'ನೀವು ಹುಡುಕುತ್ತಿರುವವರು ನಾನಲ್ಲ' ಎಂದು ಸೌಜನ್ಯದಿಂದ ತಿಳಿಸುವವರೇ ವಂಚಕರಿಗೆ ಬೇಕಾದವರು. ಸಂಖ್ಯೆ ಬಳಕೆಯಲ್ಲಿದೆ, ಅಪರಿಚಿತರಿಗೂ ಉತ್ತರಿಸುವ ಸ್ವಭಾವದವರು ಇಲ್ಲಿದ್ದಾರೆ ಎಂಬುದು ಆ ಒಂದು ಉತ್ತರದಿಂದಲೇ ತಿಳಿಯುತ್ತದೆ. ನಿಜವಾಗಿ ತಪ್ಪಿದವರು ಕ್ಷಮೆ ಕೇಳಿ ಸುಮ್ಮನಾಗುತ್ತಾರೆ. ಇವರು ಮಾತು ಮುಂದುವರಿಸುತ್ತಾರೆ.

ಮೊದಲ ವಾರಗಳಲ್ಲಿ ಹಣದ ಪ್ರಸ್ತಾಪವೇ ಬರುವುದಿಲ್ಲ. ಊಟವಾಯಿತೇ, ಆರೋಗ್ಯ ಹೇಗಿದೆ ಎಂಬ ವಿಚಾರಣೆ ಮಾತ್ರ ನಡೆಯುತ್ತದೆ. ಒಂಟಿಯಾಗಿರುವವರಿಗೆ ಇದೇ ದಿನದ ಆಸರೆಯಾಗಿಬಿಡುತ್ತದೆ. ಬಳಿಕ ತನಗೆ ಲಾಭ ತಂದ ಕ್ರಿಪ್ಟೋ ಅಥವಾ ಷೇರು ಆ್ಯಪ್ ಒಂದರ ವಿಷಯ ಸಹಜವೆಂಬಂತೆ ಬರುತ್ತದೆ. ಉದಾಹರಣೆಗೆ, ಒಬ್ಬರು ₹10,000 ತೊಡಗಿಸಿದರೆ ಪರದೆಯ ಮೇಲೆ ಅದು ₹12,000 ಆಗುತ್ತದೆ. ಆ ಮೊತ್ತವನ್ನು ಹಿಂಪಡೆಯಲು ಬಿಡುತ್ತಾರೆ. ನಂಬಿಕೆ ಗಟ್ಟಿಯಾಗುವುದು ಇಲ್ಲಿಯೇ. ಅನಂತರ ಅವರು ಉಳಿತಾಯದ ₹6 ಲಕ್ಷ ಹಾಕುತ್ತಾರೆ, ಪರದೆ ₹15 ಲಕ್ಷ ತೋರಿಸುತ್ತದೆ. ಹಿಂಪಡೆಯಹೊರಟಾಗ 'ಮೊದಲು ಶೇ. 20 ತೆರಿಗೆ ಕಟ್ಟಿ' ಎಂಬ ಬೇಡಿಕೆ ಬರುತ್ತದೆ. ₹3 ಲಕ್ಷ ಸಾಲ ಮಾಡಿ ಕಟ್ಟಿದರೆ ಇನ್ನೊಂದು ಶುಲ್ಕ ಹುಟ್ಟಿಕೊಳ್ಳುತ್ತದೆ. ಪರದೆಯ ಅಂಕಿಗಳು ವಂಚಕರೇ ಬರೆದವು. ಅಲ್ಲಿ ವ್ಯಾಪಾರ ನಡೆದೇ ಇರುವುದಿಲ್ಲ. ಸ್ವಂತ ಹಣ ಪಡೆಯಲು ಮುಂಗಡ ಕೇಳುವುದು ಮತ್ತು ಪ್ರತಿ ಬಾರಿಯೂ ಬೇರೆ ಬೇರೆ ಹೆಸರಿನ ಬ್ಯಾಂಕ್ ಖಾತೆಗೆ ಕಳುಹಿಸಲು ಹೇಳುವುದು ಇದರ ಸ್ಪಷ್ಟ ಗುರುತುಗಳು.

ಸಂದೇಶದ ಹಿಂದಿರುವವರು

ಉತ್ತರಿಸುತ್ತಿರುವವರು ಕೆಲವೊಮ್ಮೆ ಸ್ವತಃ ಬಂಧಿಗಳು. ಉದ್ಯೋಗದ ಆಸೆ ತೋರಿಸಿ ಕರೆದೊಯ್ದ ಯುವಕರನ್ನು ಮ್ಯಾನ್ಮಾರ್, ಕಾಂಬೋಡಿಯಾಗಳ ಕಾವಲಿನ ಆವರಣಗಳಲ್ಲಿಟ್ಟು ಈ ಕೆಲಸ ಮಾಡಿಸಲಾಗುತ್ತದೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯು 2023ರಲ್ಲಿ ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000 ಮಂದಿ ಹೀಗಿರಬಹುದೆಂದು ಅಂದಾಜಿಸಿತು. 2025ರ ಮಾರ್ಚ್‌ನಲ್ಲಿ ಭಾರತೀಯ ವಾಯುಪಡೆಯ ವಿಮಾನಗಳು ಇಂತಹ ಕೇಂದ್ರಗಳಿಂದ ಬಿಡುಗಡೆಯಾದ ನೂರಾರು ಭಾರತೀಯರನ್ನು ಥಾಯ್ಲೆಂಡ್‌ನ ಮೇ ಸೋಟ್‌ನಿಂದ ಕರೆತಂದವು.

ದೂರು ಮತ್ತು ಅದರ ಮಿತಿ

ಭಾರತದಲ್ಲಿ 1930 ಸಹಾಯವಾಣಿಗೆ ಅಥವಾ cybercrime.gov.in ಜಾಲತಾಣದಲ್ಲಿ ದೂರು ನೀಡಬಹುದು. ಹಣವಿನ್ನೂ ಬ್ಯಾಂಕ್ ಖಾತೆಗಳಲ್ಲಿದ್ದರೆ ಅದನ್ನು ತಡೆಹಿಡಿಯುವ ಅವಕಾಶವಿದೆ. ಈ ವಂಚನೆಯ ತೊಡಕೆಂದರೆ, ಮೋಸ ತಿಳಿಯುವುದೇ ತಿಂಗಳುಗಳ ಬಳಿಕ. ಅಷ್ಟರಲ್ಲಿ ಹಣ ಬಾಡಿಗೆ ಖಾತೆಗಳನ್ನು ದಾಟಿ ಕ್ರಿಪ್ಟೋ ರೂಪದಲ್ಲಿ ವಿದೇಶ ಸೇರಿರುತ್ತದೆ. ಆಗ 'ಕಳೆದ ಹಣ ಮರಳಿ ಕೊಡಿಸುತ್ತೇವೆ, ಶುಲ್ಕ ಕಟ್ಟಿ' ಎಂದು ಕರೆ ಮಾಡುವವರು ಹಲವು ಬಾರಿ ಅದೇ ಜಾಲದವರಾಗಿರುತ್ತಾರೆ.