ಉಪವಾಸ ಬನ್ನಿ ಅಂದರೆ ಉಪ್ಪಿಟ್ಟು ತಿಂದು ಬಂದರು!



ಕನ್ನಡದಲ್ಲಿ ಬೋರ್ಡು ಹಾಕಿ, ಕನ್ನಡದಲ್ಲಿ ಜಾಹೀರಾತು ಕೊಡಿ ಎಂದು ನಾವು ಅಂಗಡಿ ಅಂಗಡಿ ಸುತ್ತುತ್ತೇವೆ. 2024ರ ತಿದ್ದುಪಡಿ ಕಾನೂನು ನಾಮಫಲಕದಲ್ಲಿ ಶೇಕಡ 60 ಭಾಗ ಕನ್ನಡ ಇರಲೇಬೇಕು ಎನ್ನುತ್ತದೆ. ಒಳ್ಳೆಯದು. ಆದರೆ ಎಂಥ ಕನ್ನಡ? ಅದನ್ನು ಕಾನೂನು ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ನಾವು, ನೀವು. ಈ ವಾರ ಒಂದು ಕರಪತ್ರದ ಕಥೆ ಕೇಳಿ.

ಜಯನಗರದ ಒಂದು ರಕ್ತಪರೀಕ್ಷೆ ಲ್ಯಾಬು. ಬನಶಂಕರಿಯ ಹೂವು ಮಾರುವವರು, ಮನೆಗೆಲಸದವರು, ಆಟೋ ಚಾಲಕರು ಇವರಿಗಾಗಿ ಭಾನುವಾರ ಕಡಿಮೆ ದರದಲ್ಲಿ ಶುಗರ್ ಟೆಸ್ಟ್ ಇಟ್ಟುಕೊಂಡಿತು. ಕನ್ನಡದಲ್ಲೇ ಕರಪತ್ರ ಹಂಚಿತು. ಅದರಲ್ಲಿ ಇದ್ದದ್ದು ಹೀಗೆ:

“ಮಧುಮೇಹ ತಪಾಸಣೆಗೆ ಆಗಮಿಸುವ ಸಾರ್ವಜನಿಕರು ಕನಿಷ್ಠ 10 ಗಂಟೆಗಳ ಕಾಲ ಉಪವಾಸವಿದ್ದು ಹಾಜರಾಗತಕ್ಕದ್ದು. ಪ್ರಥಮ ಮಾದರಿ ನೀಡಿದ ಬಳಿಕ ಆಹಾರ ಸೇವಿಸಿ 2 ಗಂಟೆಗಳ ನಂತರ ಪುನಃ ಆಗಮಿಸತಕ್ಕದ್ದು.”

ಒಂದು ಅಕ್ಷರ ತಪ್ಪಿಲ್ಲ. ಜನವೂ ಬಂದರು. ಬಂದವರಲ್ಲಿ ಹಲವರು ಕಾಫಿ ಕುಡಿದು ಬಂದಿದ್ದರು. ಹೂವಿನಮ್ಮ ಒಬ್ಬರು ಹೇಳಿದ್ದು: “ಉಪವಾಸಾನೇ ಇದೀನಿ ಕಣಣ್ಣ, ಅನ್ನ ಮುಟ್ಟಿಲ್ಲ. ಒಂದಿಷ್ಟು ಉಪ್ಪಿಟ್ಟು ತಿಂದೆ, ಅಷ್ಟೇ.”

ನಗಬೇಡಿ. ಆಕೆಯ ಕನ್ನಡ ಸರಿಯಾಗಿಯೇ ಇದೆ. ನಮ್ಮ ಮನೆಗಳಲ್ಲಿ ಉಪವಾಸ ಎಂದರೆ ಏನು? ಅನ್ನ ಬಿಡುವುದು. ಅವಲಕ್ಕಿ, ಉಪ್ಪಿಟ್ಟು, ಹಣ್ಣು, ಹಾಲು, ಕಾಫಿ ಎಲ್ಲ ನಡೆಯುತ್ತದೆ. ಲ್ಯಾಬಿನವರ ಉಪವಾಸ ಬೇರೆ, ಹೂವಿನಮ್ಮನ ಉಪವಾಸ ಬೇರೆ. ತಮಾಷೆ ನೋಡಿ, ಏಕಾದಶಿ ಮಾಡುವ ಜಯನಗರದ ಪಿಂಚಣಿದಾರರಿಗೂ ಈ ಪದ ಅಷ್ಟೇ ದಾರಿ ತಪ್ಪಿಸುತ್ತದೆ!

ಇದು ಬರೀ ಪದದ ಜಗಳವಲ್ಲ. ತಿಂಡಿ ತಿಂದು 2 ಗಂಟೆಯಾದ ಮೇಲೆ ಶುಗರ್ 135 ಬಂದರೆ ಯಾರೂ ಗಾಬರಿಪಡುವುದಿಲ್ಲ. 140ರೊಳಗೆ ಇದ್ದರೆ ಸರಿ ಎನ್ನುತ್ತಾರೆ. ಅದೇ 135 ಖಾಲಿ ಹೊಟ್ಟೆಯ ಲೆಕ್ಕದಲ್ಲಿ ಬರೆದುಬಿಟ್ಟರೆ? ಖಾಲಿ ಹೊಟ್ಟೆಗೆ 126 ಮುಟ್ಟಿದರೇ ಸಕ್ಕರೆ ಕಾಯಿಲೆಯ ಗೆರೆ. ಒಂದು ಪದದಿಂದ ಒಬ್ಬ ಬಡ ಹೆಂಗಸು ಇಲ್ಲದ ಕಾಯಿಲೆಯನ್ನು ತಲೆಯ ಮೇಲೆ ಹೊತ್ತು ಮನೆಗೆ ಹೋಗುತ್ತಾಳೆ.

ಸರಿ, ತಿದ್ದಿ ಕೊಡಿ ಎಂದು ಲ್ಯಾಬಿನವರು ನಮ್ಮ ಹುಡುಗರಿಗೆ ಹೇಳಿದರು. ಹುಡುಗರಿಗೆ ಹುಮ್ಮಸ್ಸು. ಗ್ರಂಥದ ಕನ್ನಡ ಬೇಡ, ಜನರ ಕನ್ನಡ ಬೇಕು ಎಂದು ಬರೆದೇ ಬಿಟ್ಟರು:

“ಶುಗರ್ ಐತಾ? ಏನೂ ತಿನ್ದೆ ಕುಡೀದೆ ಬರ್ರಪ್ಪಾ! ರಕ್ತ ಕೊಟ್ಬುಟ್ಟು, ತಿಂಡಿ ತಿನ್ಕಂಡು, ಎರಡ್ ಗಂಟೆ ಬುಟ್ಟು ಬನ್ನಿ.”

ಇದು ಮೊದಲಿನದಕ್ಕಿಂತ ಚೆಂದವೇ? ಅಲ್ಲ. ನಾಲ್ಕು ಕಾರಣ ಹೇಳುತ್ತೇವೆ.

ಮೊದಲನೆಯದು, ಇದು ಯಾರ ಆಡುಮಾತು? “ಕೊಟ್ಬುಟ್ಟು, ತಿನ್ಕಂಡು” ಮಂಡ್ಯದ ಕಡೆಯವರಿಗೆ ಹಿತ. ಬಿಟಿಎಂ, ಜೆ.ಪಿ. ನಗರದ ಕಟ್ಟಡ ಕೆಲಸಕ್ಕೆ ರಾಯಚೂರು, ಯಾದಗಿರಿಯಿಂದ ಬಂದವರು ಹಾಗೆ ಮಾತಾಡುವುದಿಲ್ಲ. ಪುಸ್ತಕದ ಕನ್ನಡ ಯಾರ ಮನೆಮಾತೂ ಅಲ್ಲ, ಹಾಗಾಗಿಯೇ ಅದು ಎಲ್ಲರಿಗೂ ಸಮಾನ ದೂರ. ಆಡುಮಾತು ಮಾತ್ರ ಯಾವಾಗಲೂ ಯಾವುದೋ ಒಂದು ಊರಿನದು.

ಎರಡನೆಯದು, ಓದುವುದು ಕಷ್ಟ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು “ತಿನ್ನದೆ” ಎಂದು ಕಲಿತಿದ್ದಾರೆ. ಬಾಯಲ್ಲಿ “ತಿನ್ದೆ” ಎಂದರೂ ಕಣ್ಣಿಗೆ ಗೊತ್ತಿರುವುದು “ತಿನ್ನದೆ”. ಒತ್ತಕ್ಷರ ಹೆಚ್ಚಿದಷ್ಟೂ ಅವರು ತಡವರಿಸುತ್ತಾರೆ. ಓದಿ ನೋಡಲು ಕೊಟ್ಟಾಗ ನಮ್ಮ ಕಣ್ಣೆದುರೇ ಅದು ಆಯಿತು.

ಮೂರನೆಯದು, ಮರ್ಯಾದೆ. ಅದನ್ನು ಓದಿದ ಆಟೋ ಚಾಲಕರೊಬ್ಬರು ಕೇಳಿದರು, “ನಮ್ಮನ್ನ ಆಡ್ಕೊಂಡು ಬರ್ದಿದೀರಾ ಸಾರ್?” ನಾವು ತಲೆ ತಗ್ಗಿಸಿದೆವು. ಸಿನಿಮಾದಲ್ಲಿ ಕೆಲಸದವರ ಪಾತ್ರಕ್ಕೆ ಬರೆಯುವ ಮಾತನ್ನು ಅವರ ಕೈಗೇ ಕೊಟ್ಟಿದ್ದೆವು!

ನಾಲ್ಕನೆಯದು, ಅರ್ಥವೂ ಕೆಟ್ಟಿತು. “ರಕ್ತ ಕೊಟ್ಟು” ಎಂದರೆ ರಕ್ತದಾನ ಎಂದುಕೊಂಡವರುಂಟು. “ಕುಡೀದೆ” ಎಂದದ್ದಕ್ಕೆ ನೀರೂ ಬಿಡಬೇಕೇ ಎಂದು ಕೇಳಿದವರುಂಟು.

ಹಾಗಾದರೆ ದಾರಿ ಯಾವುದು? ಪದ ಆಡುಮಾತಿನದು, ವಾಕ್ಯದ ಜೋಡಣೆ ಆಡುಮಾತಿನದು, ಕಾಗುಣಿತ ಶಾಲೆಯದು. ಬಾಯಿಗೂ ಪುಸ್ತಕಕ್ಕೂ ಒಂದೇ ಆಗಿರುವ ರೂಪಗಳು ಕನ್ನಡದಲ್ಲಿ ಬೇಕಾದಷ್ಟಿವೆ: ಬನ್ನಿ, ಕೇಳಿ, ಬೇಕು, ಬೇಡ, ಇಲ್ಲ, ಸಾಕು. ಬಾಯಿ ಬೇರೆ, ಬರಹ ಬೇರೆ ಆಗುವುದು ಹೆಚ್ಚಾಗಿ “ಬರುತ್ತೇನೆ, ಬರ್ತೀನಿ” ಥರದ ಕ್ರಿಯಾಪದದ ಬಾಲದಲ್ಲಿ. ಆ ಬಾಲ ಬೇಕಾಗದ ಹಾಗೆ ವಾಕ್ಯ ಕಟ್ಟಿದರೆ ಅರ್ಧ ಜಗಳ ಅಲ್ಲೇ ಮುಗಿಯಿತು. ಕೊನೆಗೆ ಅಚ್ಚಾದದ್ದು ಇದು:

“ಶುಗರ್ ಟೆಸ್ಟ್. ಶನಿವಾರ ರಾತ್ರಿ 9 ಗಂಟೆಗೆ ಊಟ ಮುಗಿಸಿ. ಆಮೇಲೆ ಏನೂ ತಿನ್ನಬೇಡಿ. ಬೆಳಗ್ಗೆ ಕಾಫಿ, ಟೀ, ಹಾಲು, ಹಣ್ಣು, ಎಲೆ ಅಡಿಕೆ ಬೇಡ. ನೀರು ಕುಡಿಯಬಹುದು. ಭಾನುವಾರ ಬೆಳಗ್ಗೆ 7 ಗಂಟೆಗೆ ಬನ್ನಿ. ಟೆಸ್ಟಿಗೆ ಕೈಯಿಂದ ಸ್ವಲ್ಪ ರಕ್ತ ತೆಗೆಯುತ್ತೇವೆ. ಅದಾದ ಮೇಲೆ ತಿಂಡಿ ತಿನ್ನಿ. ತಿನ್ನಲು ಶುರು ಮಾಡಿದ ಹೊತ್ತಿನಿಂದ 2 ಗಂಟೆಗೆ ಮತ್ತೆ ಬನ್ನಿ. ಶುಗರ್ ಮಾತ್ರೆ, ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲೇ ಡಾಕ್ಟರನ್ನು ಕೇಳಿ.”

ನೋಡಿ, “10 ಗಂಟೆಗಳ ಕಾಲ” ಹೋಯಿತು. ಗಡಿಯಾರದ ಹೊತ್ತು ಬಂತು. ಬೆರಳು ಮಡಚಿ ಲೆಕ್ಕ ಹಾಕುವ ಕಷ್ಟವಿಲ್ಲ. “ಮಾತ್ರೆ” ಇಲ್ಲಿನವರಿಗೆ, “ಗುಳಿಗೆ” ಉತ್ತರ ಕರ್ನಾಟಕದವರಿಗೆ, ಎರಡೂ ಇರಲಿ. “ಮಧುಮೇಹ” ಹೋಗಿ “ಶುಗರ್” ಬಂದದ್ದಕ್ಕೆ ನಮ್ಮಲ್ಲೇ ಕೆಲವರು ಮುನಿಸಿಕೊಂಡರು. ಬೀದಿಯಲ್ಲಿ ಆ ಕಾಯಿಲೆಗೆ ಇರುವ ಹೆಸರು ಅದೇ, ಸ್ವಾಮಿ! ಆದರೆ “ಫ್ರೀ” ಬರೆಯುವ ಸಂದರ್ಭ ಬಂದರೆ “ಉಚಿತ” ಎಂದೇ ಬರೆಯಿರಿ. 2023ರಿಂದ ಬಸ್ಸಿನಲ್ಲಿ ಉಚಿತ ಟಿಕೆಟ್ ಹಿಡಿದ ಹೆಂಗಸರಿಗೆ ಆ ಪದ ಯಾರೂ ಹೇಳಿಕೊಡಬೇಕಿಲ್ಲ. “ಪುಕ್ಕಟೆ” ಮಾತ್ರ ಬೇಡ, ಅದರಲ್ಲಿ ಅಗ್ಗದ ವಾಸನೆ ಇದೆ.

ಇದೇ ಲ್ಯಾಬು ಜಯನಗರದ ನಿವೃತ್ತರಿಗೂ ಕರಪತ್ರ ಮಾಡಿಸಿತು. ಅಲ್ಲಿ ತಲೆಬರಹ “ಮಧುಮೇಹ ತಪಾಸಣೆ” ಎಂದಿರಲಿ, ಜೊತೆಗೊಂದು “ದಯವಿಟ್ಟು” ಇರಲಿ ಎಂದೆವು. ಅವರಿಗೆ ಅದೇ ಮರ್ಯಾದೆ. ಆದರೆ ಊಟ, ಕಾಫಿ, ನೀರಿನ ಸಾಲುಗಳಲ್ಲಿ ಒಂದಕ್ಷರ ಬದಲಿಸಲಿಲ್ಲ. ಹೊಟ್ಟೆಯ ವಿಚಾರದಲ್ಲಿ ಎಲ್ಲರಿಗೂ ಒಂದೇ ಕನ್ನಡ! ಇನ್ನು ಆಟೋದಲ್ಲಿ ಮೈಕು ಕಟ್ಟಿ ಕೂಗುವುದಾದರೆ ಕಾಗುಣಿತದ ಹಂಗಿಲ್ಲ. ಅಲ್ಲಿ “ತಗೀತೀವಿ, ಬನ್ನಿ” ಎಂದು ಬಾಯಿಗೆ ಬಂದ ಹಾಗೆ ಹೇಳಬಹುದು.

ನಾಳೆ ನಿಮ್ಮ ಬಡಾವಣೆಯ ಅಂಗಡಿಯವರು ಜಾಹೀರಾತು ತಿದ್ದಿಕೊಡಿ ಎಂದರೆ, ಅಚ್ಚಿಗೆ ಕೊಡುವ ಮೊದಲು ಆ ಗಿರಾಕಿಗಳಲ್ಲೇ ನಾಲ್ಕೈದು ಜನರ ಕೈಗೆ ಕೊಡಿ. “ಅರ್ಥ ಆಯ್ತಾ?” ಎಂದು ಕೇಳಬೇಡಿ. ಎಲ್ಲರೂ ಆಯ್ತು ಎನ್ನುತ್ತಾರೆ, ಇಲ್ಲ ಎನ್ನಲು ನಾಚಿಕೆ. “ಭಾನುವಾರ ಬೆಳಗ್ಗೆ ಎದ್ದು ಏನು ಮಾಡ್ತೀರಿ, ಹೇಳಿ” ಎಂದು ಕೇಳಿ. ಹೂವಿನಮ್ಮನನ್ನು ಹಾಗೆಯೇ ಕೇಳಿದೆವು. “ಮುಖ ತೊಳೆದು, ನೀರು ಕುಡಿದು, ಸೀದಾ ಬರ್ತೀನಿ. ಕಾಫಿ ಆಮೇಲೆ” ಎಂದರು. ಆಮೇಲೆ ಕರಪತ್ರ ಪ್ರೆಸ್ಸಿಗೆ ಹೋಯಿತು.